ಕಮಟು ಹಿಡಿದ ಮುರುಕು, ಮೂರು ಬ್ಯಾಚ್, ಒಂದು ಕ್ಯಾಪ್ಷನ್

"ಗುಣಮಟ್ಟಕ್ಕೆ ನಮ್ಮ ಬದ್ಧತೆಯ ಭಾಗವಾಗಿ, ಗ್ರಾಹಕರ ಹಿತದೃಷ್ಟಿಯಿಂದ, ನಮ್ಮ ಕೆಲವು ಆಯ್ದ ಉತ್ಪನ್ನಗಳನ್ನು ಸ್ವಯಂಪ್ರೇರಿತವಾಗಿ ಹಿಂಪಡೆಯುತ್ತಿದ್ದೇವೆ. ನಿಮ್ಮ ವಿಶ್ವಾಸವೇ ನಮ್ಮ ಶಕ್ತಿ."

ತಿಂಡಿ ತಯಾರಿಸುವವರು ಮಾಲನ್ನು ವಾಪಸ್ ಕರೆಸಿಕೊಳ್ಳಬೇಕಾದಾಗ ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಹಾಕುವ ಪೋಸ್ಟ್ ಬಹುಪಾಲು ಹೀಗೇ ಇರುತ್ತದೆ. ವ್ಯಾಕರಣದ ತಪ್ಪಿಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಕೈಯಲ್ಲಿ ಅರ್ಧ ತಿಂದ ಪ್ಯಾಕೆಟ್ ಹಿಡಿದು ಇದನ್ನು ಓದಿದವರಿಗೆ ತಿಳಿಯಬೇಕಾದದ್ದು ಎರಡೇ: ನನ್ನ ಕೈಯಲ್ಲಿರುವುದು ಅದೇ ಪ್ಯಾಕೆಟ್ಟಾ? ಹೌದಾದರೆ ಈಗ ಏನು ಮಾಡಲಿ? ಈ ಎರಡಕ್ಕೂ ಮೇಲಿನ ಸಾಲುಗಳಲ್ಲಿ ಉತ್ತರವಿಲ್ಲ. ಇರುವುದೆಲ್ಲ ಕಂಪನಿ ತನ್ನ ಬಗ್ಗೆ ತಾನು ಹೇಳಿಕೊಂಡ ಮಾತು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ಕಲ್ಪಿತ ಘಟಕ, ಆದರೆ ಇಂಥದ್ದು ನಮ್ಮ ಯಾವ ತಾಲ್ಲೂಕಿನಲ್ಲಾದರೂ ಇರಬಹುದು. ಬೆಣ್ಣೆ ಮುರುಕು ಮಾಡಿ 200 ಗ್ರಾಂ ಪ್ಯಾಕೆಟ್‌ನಲ್ಲಿ 60 ರೂಪಾಯಿಗೆ ಮಾರುತ್ತಾರೆ. ಹಾಸನ, ತುಮಕೂರು, ಬೆಂಗಳೂರಿನ ಅಂಗಡಿಗಳಿಗೆ ಮಾಲು ಹೋಗುತ್ತದೆ. 2025ರ ಸೆಪ್ಟೆಂಬರ್ ಮೊದಲ ವಾರ ನಾಲ್ಕು ದೂರು ಬಂದವು: "ಮುರುಕು ಕಮಟು ವಾಸನೆ ಹೊಡೀತಿದೆ, ಮೆತ್ತಗಾಗಿದೆ." ದಿನಾಂಕ ನೋಡಿದರೆ ಇನ್ನೂ ಎರಡು ತಿಂಗಳು ಬಾಳಿಕೆ ಬಾಕಿಯಿದೆ.

ಕಮಟು ಅಂದರೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಟ್ಟಿರುವುದು. ಕರಿದ ತಿಂಡಿಯ ಒಳಗಿರುವ ಎಣ್ಣೆಗೆ ಗಾಳಿ ತಾಗಿದ ಕೂಡಲೇ ವಾಸನೆ ಬರುವುದಿಲ್ಲ. ಕೆಲವು ದಿನ, ಕೆಲವು ವಾರ ಏನೂ ಗೊತ್ತಾಗದಂತೆ ಒಳಗೊಳಗೇ ಕೆಲಸ ನಡೆಯುತ್ತದೆ. ಒಂದು ಹಂತ ದಾಟಿದ ಮೇಲೆ ಸರಸರನೆ ಏರಿ, ಹಳೇ ಎಣ್ಣೆಯ ಆ ವಾಸನೆ ಹೊರಬೀಳುತ್ತದೆ. ಅದನ್ನು ತಡೆಯುವುದಕ್ಕೆಂದೇ ಪ್ಯಾಕೆಟ್ಟಿನೊಳಗೆ ಗಾಳಿಯ ಬದಲು ನೈಟ್ರೋಜನ್ ತುಂಬಿ, ಬಿಸಿ ದವಡೆಗಳ ನಡುವೆ ಒತ್ತಿ ಸೀಲ್ ಮಾಡುತ್ತಾರೆ. ಸೀಲಿನಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ನೈಟ್ರೋಜನ್ ಹೋಗಿ ಗಾಳಿ, ತೇವ ಎರಡೂ ಒಳಗೆ ಬರುತ್ತವೆ. ದವಡೆಯ ಬಿಸಿ ಇಳಿದರೆ ಹೀಗಾಗಬಹುದು. ಸೀಲ್ ಆಗುವ ಜಾಗಕ್ಕೆ ಮುರುಕಿನ ಪುಡಿಯೋ ಎಣ್ಣೆಯೋ ಸಿಕ್ಕಿಕೊಂಡರೂ ಆಗಬಹುದು. ಪ್ಯಾಕ್ ಮಾಡಿದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದಲೇ ದೂರು ಬರುವುದು ಒಂದು ತಿಂಗಳಾದ ಮೇಲೆ, ಮಾಲೆಲ್ಲ ಅಂಗಡಿ ಸೇರಿದ ಮೇಲೆ.

ಬ್ಯಾಚ್ ಎಲ್ಲಿಂದ ಎಲ್ಲಿಗೆ

ಕ್ಯಾಪ್ಷನ್ ಬರೆಯಲು ಕೂರುವ ಮೊದಲು ತೀರ್ಮಾನವಾಗಬೇಕಾದ ಸಂಗತಿ ಇದು. ಹೆಚ್ಚಿನ ಎಡವಟ್ಟು ಆಗುವುದೂ ಇಲ್ಲೇ.

ನಮ್ಮ ಉದಾಹರಣೆಯ ಘಟಕ ಬ್ಯಾಚ್ ಸಂಖ್ಯೆಯನ್ನು ವರ್ಷ ಮತ್ತು ವರ್ಷದ ಎಷ್ಟನೇ ದಿನ ಎಂಬುದನ್ನು ಸೇರಿಸಿ ಹಾಕುತ್ತದೆ. 25216 ಅಂದರೆ 2025ರ 216ನೇ ದಿನ, ಅಂದರೆ ಆಗಸ್ಟ್ 4. ಬಹಳ ಕಾರ್ಖಾನೆಗಳಲ್ಲಿ ಈ ಪದ್ಧತಿಯುಂಟು. ದೂರು ಬಂದ ನಾಲ್ಕು ಪ್ಯಾಕೆಟ್‌ಗಳಲ್ಲಿ ಮೂರು 25217, ಒಂದು 25218. ಹಾಗಾದರೆ ಈ ಎರಡು ಬ್ಯಾಚ್ ವಾಪಸ್ ಕರೆಸಿದರೆ ಮುಗಿಯಿತು ಎಂದು ಮಾಲೀಕರಿಗೆ ಅನ್ನಿಸುವುದು ಸಹಜ. ಆದರೆ ದೂರು ಎಲ್ಲಿಂದ ಬಂತು ಅನ್ನುವುದು ತೊಂದರೆ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಹೇಳುವುದಿಲ್ಲ. ವಾಸನೆ ಬಂದರೂ ಸುಮ್ಮನೆ ಕಸಕ್ಕೆ ಹಾಕಿ, ಇನ್ನು ಮೇಲೆ ಆ ಕಂಪನಿಯ ಮುರುಕು ಬೇಡ ಎಂದುಕೊಂಡವರು ದೂರು ಕೊಟ್ಟವರಿಗಿಂತ ಹೆಚ್ಚಿರುತ್ತಾರೆ.

ಪ್ಯಾಕಿಂಗ್ ವಿಭಾಗದ ದಿನಚರಿ ಪುಸ್ತಕ ತೆಗೆದು ನೋಡಿದಾಗ ಆಗಸ್ಟ್ 4ರ ಮಧ್ಯಾಹ್ನ ಸೀಲಿಂಗ್ ಯಂತ್ರದ ಹೀಟರ್ ಬದಲಾಯಿಸಿದ ನಮೂದು ಸಿಕ್ಕಿತು. 7ರ ಬೆಳಿಗ್ಗೆ, ಆ ದಿನದ ಪ್ಯಾಕಿಂಗ್ ಶುರುವಾಗುವ ಮೊದಲೇ, "ಸೀಲ್ ಬಿಡುತ್ತಿದೆ, ಬಿಸಿ ಏರಿಸಿದೆ" ಎಂದು ಯಂತ್ರ ನಡೆಸುವವರು ಬರೆದಿದ್ದಾರೆ. ಅಂದರೆ 4ರ ಮಧ್ಯಾಹ್ನದಿಂದ 6ರ ಸಂಜೆಯವರೆಗೆ ತಯಾರಾದ ಮಾಲಿನ ಮೇಲೆ ಅನುಮಾನ. 4ರ ಬೆಳಿಗ್ಗೆಯ ಪ್ಯಾಕೆಟ್‌ಗಳು ಸರಿಯಾಗಿಯೇ ಇರಬಹುದು, ಆದರೆ ಇಡೀ ದಿನಕ್ಕೆ ಒಂದೇ ಸಂಖ್ಯೆ. ಗ್ರಾಹಕರು ಬೆಳಗಿನದ್ದು ಯಾವುದು, ಸಂಜೆಯದ್ದು ಯಾವುದು ಎಂದು ತಿಳಿಯಲಾರರು. ಹಾಗಾಗಿ 25216 ಪೂರ್ತಿ ಒಳಗೆ.

ಇನ್ನು ಪರೀಕ್ಷೆ. ಪ್ರತಿ ಬ್ಯಾಚಿನ ಕೆಲವು ಪ್ಯಾಕೆಟ್‌ಗಳನ್ನು ಮಾರದೆ ಎತ್ತಿಡುವ ಪದ್ಧತಿ ಇರುವುದು ಇಂಥ ದಿನಕ್ಕಾಗಿಯೇ. ಅವನ್ನು ನೀರಿನಲ್ಲಿ ಮುಳುಗಿಸಿ ಮೇಲಿನ ಗಾಳಿಯ ಒತ್ತಡ ಇಳಿಸಿದರೆ ಸೋರುವ ಕಡೆಯಿಂದ ಗುಳ್ಳೆ ಬರುತ್ತದೆ. 25215ರ ಹತ್ತು ಪ್ಯಾಕೆಟ್‌ಗಳಲ್ಲಿ ಗುಳ್ಳೆಯಿಲ್ಲ, 25216ರಲ್ಲಿ ಒಂದು, 25217ರಲ್ಲಿ ನಾಲ್ಕು, 25218ರಲ್ಲಿ ಮೂರು, 25219ರಲ್ಲಿ ಇಲ್ಲ. ಹತ್ತರಲ್ಲಿ ಒಂದೂ ಸೋರಲಿಲ್ಲ ಅಂದಮಾತ್ರಕ್ಕೆ ಆ ದಿನ ತಯಾರಾದ ಆರುನೂರರಲ್ಲಿ ಒಂದೂ ಸೋರುವುದಿಲ್ಲ ಅಂತಲ್ಲ. ಇಲ್ಲಿ ಧೈರ್ಯ ಬರುವುದು ದಿನಚರಿ ಹೇಳುವ ಕಾರಣ ಮತ್ತು ಗುಳ್ಳೆ ಪರೀಕ್ಷೆ ಎರಡೂ ಒಂದೇ ಗಡಿ ತೋರಿಸಿದ್ದರಿಂದ. ಎರಡು ಬೇರೆ ಬೇರೆ ಗಡಿ ತೋರಿಸಿದ್ದರೆ ದೊಡ್ಡದನ್ನೇ ಹಿಡಿಯಬೇಕು. ಇಂದು ಎರಡು ಬ್ಯಾಚ್ ಎಂದು ಹೇಳಿ ನಾಲ್ಕು ದಿನ ಬಿಟ್ಟು ಇನ್ನೊಂದು ಎಂದರೆ, ಮೊದಲ ಪೋಸ್ಟ್ ನೋಡಿ "ನಮ್ಮದಲ್ಲ ಬಿಡು" ಎಂದು ತಿಂದವರಿಗೆ ಏನು ಉತ್ತರ?

ಕೊನೆಗೆ ನಿಂತ ಲೆಕ್ಕ: ದಿನಕ್ಕೆ 600ರಂತೆ 1,800 ಪ್ಯಾಕೆಟ್. ಅದರಲ್ಲಿ 260 ಗೋದಾಮಿನಲ್ಲೇ ಇವೆ. 1,540 ಹೊರಗೆ ಹೋಗಿವೆ.

ಪೋಸ್ಟ್‌ಗೆ ಮೊದಲು ಆಗಬೇಕಾದ ಫೋನ್ ಕರೆಗಳು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 28ನೇ ಸೆಕ್ಷನ್ ಪ್ರಕಾರ, ತಾನು ಮಾಡಿದ ಅಥವಾ ಹಂಚಿದ ಆಹಾರ ಕಾನೂನಿಗೆ ತಕ್ಕಂತಿಲ್ಲ ಎಂದು ವ್ಯಾಪಾರಿಗೆ ಅನ್ನಿಸಿದರೆ ಕೂಡಲೇ ಅದನ್ನು ಹಿಂಪಡೆಯುವ ಕೆಲಸ ಶುರುಮಾಡಿ ಅಧಿಕಾರಿಗಳಿಗೆ ತಿಳಿಸಬೇಕು. ಹೇಗೆ ಮಾಡಬೇಕು ಎನ್ನುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2017ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನೇ ತಂದಿದೆ. ಅದು ಕೊಡುವ ಕಾಲಾವಕಾಶ ದಿನಗಳಲ್ಲಲ್ಲ, ಗಂಟೆಗಳಲ್ಲಿ: ಪ್ರಾಧಿಕಾರಕ್ಕೆ ತಿಳಿಸಲು 24 ಗಂಟೆ. ವಾಪಸ್ ಬಂದ ಮಾಲನ್ನು ಬೇರೆ ಮಾಲಿನ ಜೊತೆ ಬೆರೆಸದೆ ಪ್ರತ್ಯೇಕವಾಗಿಡಬೇಕು ಎಂದೂ ಅದು ಹೇಳುತ್ತದೆ. ಪೋಸ್ಟ್ ಹಾಕಿದ್ದೇ ವರದಿ ಮಾಡಿದಂತೆ ಎಂದು ಕೆಲವರು ತಿಳಿಯುತ್ತಾರೆ. ಅಲ್ಲ. ಅದು ಬೇರೆ, ಇದು ಬೇರೆ.

ಅಧಿಕಾರಿಗಳಷ್ಟೇ ಮುಖ್ಯ ಅಂಗಡಿಯವರು. "ಕೊಂಡ ಅಂಗಡಿಗೆ ವಾಪಸ್ ಕೊಟ್ಟು ಹಣ ಪಡೆಯಿರಿ" ಎಂದು ಬರೆದು ಬೆಳಿಗ್ಗೆ ಪೋಸ್ಟ್ ಹಾಕಿಬಿಟ್ಟರೆ, ಹತ್ತು ಗಂಟೆಗೆ ಒಬ್ಬ ಅಜ್ಜಿ ಪ್ಯಾಕೆಟ್ ಹಿಡಿದು ಅಂಗಡಿಗೆ ಹೋಗುತ್ತಾರೆ. ಅಂಗಡಿಯವರಿಗೆ ವಿಷಯವೇ ಗೊತ್ತಿಲ್ಲ. "ಯಾರಮ್ಮ ಹೇಳಿದ್ದು? ಒಡೆದ ಪ್ಯಾಕೆಟ್ ನಾನ್ಯಾಕೆ ತಗೋಬೇಕು?" ಅಲ್ಲಿಗೆ ಪೋಸ್ಟಿನ ಮರ್ಯಾದೆ ಮುಗಿಯಿತು. ಡೀಲರ್‌ಗಳಿಗೆ ಫೋನ್, ಅಂಗಡಿಗಳಿಗೆ ವಾಟ್ಸ್‌ಆಪ್ ಸಂದೇಶ ಮೊದಲು ಹೋಗಬೇಕು: ಮಾಲು ಕಪಾಟಿನಿಂದ ಇಳಿಸಿ, ಬೇರೆ ಪೆಟ್ಟಿಗೆಯಲ್ಲಿಟ್ಟು ಮೇಲೆ ಬರೆದಿಡಿ, ಒಡೆದ ಪ್ಯಾಕೆಟ್ಟಿಗೂ ಪೂರ್ತಿ ಹಣ ಕೊಡಿ, ನಿಮ್ಮ ದುಡ್ಡು ಇಂಥ ದಿನದೊಳಗೆ ನಾವು ಕೊಡುತ್ತೇವೆ. ಹಾಗಂತ ಎಲ್ಲ ಅಂಗಡಿ ಮುಟ್ಟುವವರೆಗೂ ಜನರಿಗೆ ಹೇಳದೆ ಕಾಯುವಂತೆಯೂ ಇಲ್ಲ. ಬೆಳಿಗ್ಗೆ ಅಂಗಡಿಗಳಿಗೆ, ಅದೇ ದಿನ ಮಧ್ಯಾಹ್ನದೊಳಗೆ ಜನರಿಗೆ.

ಆ ವಾರಕ್ಕೆಂದು ಮೊದಲೇ ಹೊಂದಿಸಿಟ್ಟ ಜಾಹೀರಾತು ಪೋಸ್ಟ್‌ಗಳನ್ನು ನಿಲ್ಲಿಸುವುದನ್ನು ಮರೆಯಬಾರದು. ವಾಪಸಾತಿಯ ಪೋಸ್ಟಿನ ಮೇಲೆ, ಒಂದು ಗಂಟೆಯ ನಂತರ, "ಸಂಜೆ ಕಾಫಿಗೆ ಗರಿಗರಿ ಮುರುಕು!" ಎಂದು ತಾನೇ ತಾನಾಗಿ ಬಂದು ಕೂತರೆ ಅದಕ್ಕಿಂತ ಅಪಹಾಸ್ಯ ಬೇರೆ ಬೇಡ.

ಕ್ಯಾಪ್ಷನ್

ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್‌ಗೆ 2,200 ಅಕ್ಷರದ ಮಿತಿ ಇದ್ದರೂ, ಒತ್ತಿ ಹಿಗ್ಗಿಸದ ಹೊರತು ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಕನ್ನಡದಲ್ಲಿ ಬರೆಯುವವರಿಗೆ ಜಾಗ ಇನ್ನೂ ಕಡಿಮೆ. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ 'ಕ್ಷ' ಕಂಪ್ಯೂಟರಿನ ಲೆಕ್ಕದಲ್ಲಿ ಮೂರು. ಆದ್ದರಿಂದ ಯಾವ ತಿಂಡಿ, ಯಾವ ಬ್ಯಾಚ್, ತಿನ್ನಬೇಡಿ: ಇವು ಮೊದಲ ಸಾಲಿನಲ್ಲೇ ಬೀಳಬೇಕು. "ಪ್ರಿಯ ಗ್ರಾಹಕರೇ" ಎಂದು ಶುರುಮಾಡಿದರೆ ಆ ಜಾಗ ಹೋಯಿತು.

ನಮ್ಮ ಘಟಕಕ್ಕಾಗಿ ಬರೆದರೆ ಅದು ಹೀಗಿರಬಹುದು:

> ನಮ್ಮ ಬೆಣ್ಣೆ ಮುರುಕು 200 ಗ್ರಾಂ, ಬ್ಯಾಚ್ 25216, 25217, 25218: ದಯವಿಟ್ಟು ತಿನ್ನಬೇಡಿ. ಪೂರ್ತಿ ಹಣ ವಾಪಸ್ ಕೊಡುತ್ತೇವೆ.
>
> ಏನಾಗಿದೆ: 2025ರ ಆಗಸ್ಟ್ 4, 5 ಮತ್ತು 6ರಂದು ಪ್ಯಾಕ್ ಮಾಡಿದ ಕೆಲವು ಪ್ಯಾಕೆಟ್‌ಗಳ ಸೀಲ್ ನಮ್ಮ ಯಂತ್ರದ ದೋಷದಿಂದ ಸರಿಯಾಗಿ ಕೂತಿಲ್ಲ. ಒಳಗೆ ಗಾಳಿ ಹೋಗಿ ಎಣ್ಣೆ ಕಮಟು ಹಿಡಿದಿದೆ. ತಪ್ಪು ನಮ್ಮದು, ಕ್ಷಮಿಸಿ.
>
> ಪ್ಯಾಕೆಟ್ ಗುರುತಿಸುವುದು: ಹಿಂಬದಿಯ ಮೇಲ್ತುದಿಯಲ್ಲಿ, ಬೆಲೆಯ ಪಕ್ಕ, ಕಪ್ಪು ಶಾಯಿಯಲ್ಲಿ ಐದು ಅಂಕಿಯ ಬ್ಯಾಚ್ ಸಂಖ್ಯೆ ಇದೆ. ಮೇಲಿನ ಮೂರರಲ್ಲಿ ಒಂದಾಗಿದ್ದರೆ ವಾಸನೆ ಚೆನ್ನಾಗಿದ್ದರೂ ತಿನ್ನಬೇಡಿ. ಸಂಖ್ಯೆ ಅಳಿಸಿದ್ದರೆ, ಅಥವಾ ಮುರುಕನ್ನು ಡಬ್ಬಿಗೆ ಸುರಿದು ಪ್ಯಾಕೆಟ್ ಎಸೆದಿದ್ದರೆ, ಆಗಸ್ಟ್ 7ರಿಂದ ಇಂದಿನವರೆಗೆ ಕೊಂಡದ್ದನ್ನು ಇದೇ ಬ್ಯಾಚ್ ಎಂದು ತಿಳಿಯಿರಿ.
>
> ಹಣ ವಾಪಸ್: ಕೊಂಡ ಅಂಗಡಿಗೆ ಕೊಡಿ, 60 ರೂಪಾಯಿ ಕೊಡುತ್ತಾರೆ. ಬಿಲ್ ಬೇಡ. ಒಡೆದಿದ್ದರೂ, ಅರ್ಧ ತಿಂದಿದ್ದರೂ ಸರಿ. ಅಂಗಡಿ ದೂರವಾದರೆ ಪ್ಯಾಕೆಟ್ ಅಥವಾ ಡಬ್ಬಿಯ ಫೋಟೊ ತೆಗೆದು ಚಿತ್ರದಲ್ಲಿರುವ ನಂಬರಿಗೆ ವಾಟ್ಸ್‌ಆಪ್ ಮಾಡಿ. 3 ದಿನದೊಳಗೆ ಯುಪಿಐ ಮೂಲಕ ಕಳಿಸುತ್ತೇವೆ. ನಾವು ಒಟಿಪಿ, ಪಿನ್ ಕೇಳುವುದಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಲು ಹೇಳುವುದಿಲ್ಲ.
>
> ಈಗಾಗಲೇ ತಿಂದಿದ್ದರೆ: ಹೊಟ್ಟೆ ತೊಳಸುವುದು, ವಾಂತಿ, ಭೇದಿ ಕಾಣಿಸಿದರೆ ವೈದ್ಯರನ್ನು ನೋಡಿ, ನಮಗೂ ತಿಳಿಸಿ. ಇಂದು ಬೆಳಿಗ್ಗೆ 11 ಗಂಟೆಯವರೆಗೆ ಯಾರಿಗಾದರೂ ಹುಷಾರು ತಪ್ಪಿದ ದೂರು ನಮಗೆ ಬಂದಿಲ್ಲ.
>
> ನಮ್ಮ ಬೇರೆ ತಿಂಡಿಗಳು ಬೇರೆ ಯಂತ್ರದಲ್ಲಿ ಪ್ಯಾಕ್ ಆಗುತ್ತವೆ, ಅವುಗಳಿಗೆ ಈ ದೋಷ ತಾಗಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿದ್ದೇವೆ. ಮುಂದಿನ ಮಾಹಿತಿ ಇದೇ ಪೋಸ್ಟಿನಲ್ಲಿ, 12ರ ಸಂಜೆ 5ಕ್ಕೆ.
>
> 10 ಸೆಪ್ಟೆಂಬರ್ 2025

ಇದರಲ್ಲಿ ಕೆಲವು ಸಾಲುಗಳು ಯಾಕೆ ಹಾಗಿವೆ ಎಂದು ಹೇಳಬೇಕು.

ಡಬ್ಬಿಯ ಮಾತು ಮೊದಲು. ಪರದೇಶದ ಮಾದರಿಗಳನ್ನು ನೋಡಿ ಬರೆದವರಿಗೆ ಇದು ಹೊಳೆಯುವುದೇ ಇಲ್ಲ. ನಮ್ಮ ಮನೆಗಳಲ್ಲಿ ಮುರುಕು, ಚಕ್ಕುಲಿ, ಅವಲಕ್ಕಿ ಏನೇ ತಂದರೂ ಅದು ಸ್ಟೀಲ್ ಡಬ್ಬಿಗೋ ಹಳೇ ಹಾರ್ಲಿಕ್ಸ್ ಬಾಟಲಿಗೋ ಹೋಗುತ್ತದೆ. ಪ್ಯಾಕೆಟ್ ಅದೇ ದಿನ ಕಸಕ್ಕೆ. ಇನ್ನು ಕೆಲವರು ಅರ್ಧ ಕಿಲೋ ಕಟ್ಟಿ ಬೆಂಗಳೂರಿನಲ್ಲಿರುವ ಮಗಳಿಗೆ ಕಳಿಸಿರುತ್ತಾರೆ, ದುಬೈಗೆ ಹೋಗುವವರ ಸೂಟ್‌ಕೇಸಿಗೂ ಹಾಕಿರುತ್ತಾರೆ. ಬ್ಯಾಚ್ ಸಂಖ್ಯೆ ಹುಡುಕಿ ಎಂದರೆ ಅವರೆಲ್ಲಿ ಹುಡುಕಬೇಕು? ಪ್ಯಾಕೆಟ್ ಇಲ್ಲದವರಿಗೂ ಒಂದು ದಾರಿ ತೋರಿಸದ ಪ್ರಕಟಣೆ ಅರ್ಧ ಪ್ರಕಟಣೆ. ಹೌದು, ಇದರಿಂದ ಚೆನ್ನಾಗಿರುವ ಮುರುಕಿಗೂ ಒಂದಿಷ್ಟು ಹಣ ಹೋಗುತ್ತದೆ. ಸುಳ್ಳು ಹೇಳಿ 60 ರೂಪಾಯಿ ತೆಗೆದುಕೊಳ್ಳುವವರೂ ಇರಬಹುದು. ನನ್ನ ಮಟ್ಟಿಗೆ ಅದು ಆ ಯಂತ್ರದ ರಿಪೇರಿ ಖರ್ಚಿನ ಭಾಗ.

"ವಾಸನೆ ಚೆನ್ನಾಗಿದ್ದರೂ" ಎಂಬುದು ಬೇಕೇ ಬೇಕು. ಇಲ್ಲದಿದ್ದರೆ ಎಲ್ಲರೂ ಮೊದಲು ಮೂಸಿ ನೋಡುತ್ತಾರೆ, ಒಂದು ತುಂಡು ಬಾಯಿಗೂ ಹಾಕುತ್ತಾರೆ. ಮೇಲೆ ಹೇಳಿದ ಹಾಗೆ ಕಮಟು ಕೆಲವು ವಾರ ಅಡಗಿರುತ್ತದೆ. ಇಂದು ಗರಿಯಾಗಿರುವ ಪ್ಯಾಕೆಟ್ ಮುಂದಿನ ವಾರ ಹಾಗಿರುವುದಿಲ್ಲ. ತಪಾಸಣೆಯ ಕೆಲಸವನ್ನು ಗ್ರಾಹಕರ ಮೂಗಿಗೆ ಒಪ್ಪಿಸಬಾರದು.

ಬ್ಯಾಚ್ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ಹೇಗಿದೆಯೋ ಹಾಗೇ ಬರೆಯಬೇಕು. ಕನ್ನಡದ ಅಂಕಿಗಳ ಮೇಲೆ ನನಗೂ ಪ್ರೀತಿಯಿದೆ, ಆದರೆ ೨೫೨೧೬ ಎಂದು ಬರೆದರೆ ಪ್ಯಾಕೆಟ್ಟಿನ ಪಕ್ಕ ಹಿಡಿದು ಹೋಲಿಸುವವರಿಗೆ ಕಷ್ಟ. ಸಂಖ್ಯೆಯ ನಡುವೆ ಇಂಗ್ಲಿಷ್ ಅಕ್ಷರ ಇದ್ದರೆ ಅದು ಸೊನ್ನೆಯೋ ಓ ಅಕ್ಷರವೋ ಎಂದು ಬಿಡಿಸಿ ಹೇಳಬೇಕು.

ಯುಪಿಐ ಎಚ್ಚರಿಕೆ ಸೇರಿಸದೆ ಈಗ ಹಣ ವಾಪಸಾತಿಯ ಮಾತನ್ನು ಎತ್ತಲೇಬಾರದು. "ಹಣ ವಾಪಸ್" ಎಂಬ ಪೋಸ್ಟಿನ ಕೆಳಗೆ ಕಂಪನಿಯ ಹೆಸರಿನಲ್ಲೇ ನಕಲಿ ಖಾತೆ ತೆರೆದು "ಸರ್, ಈ ನಂಬರಿಗೆ ಕರೆ ಮಾಡಿ" ಎಂದು ಬರೆಯುವವರು ಕಾದು ಕೂತಿರುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ, ಪಿನ್ ಬೇಕಾಗುವುದು ಕಳಿಸಲು. ಇದು ಇನ್ನೂ ಬಹಳ ಮಂದಿಗೆ ತಿಳಿದಿಲ್ಲ. ಸಂಪರ್ಕದ ನಂಬರು ಪ್ಯಾಕೆಟ್ ಹಿಂದೆ ಮೊದಲೇ ಅಚ್ಚಾಗಿರುವುದೇ ಆಗಿದ್ದರೆ ಒಳ್ಳೆಯದು, ಯಾರು ಬೇಕಾದರೂ ತಾಳೆ ನೋಡಬಹುದು.

"ದೂರು ನಮಗೆ ಬಂದಿಲ್ಲ" ಎಂಬುದಕ್ಕೂ "ಯಾರಿಗೂ ಏನೂ ಆಗಿಲ್ಲ" ಎಂಬುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದು ಕಂಪನಿಗೆ ತಿಳಿದ ಸಂಗತಿ. ಎರಡನೆಯದು ತಿಳಿಯಲು ಸಾಧ್ಯವೇ ಇಲ್ಲದ ಸಂಗತಿ. ಮೊದಲನೆಯದಕ್ಕೂ ಗಂಟೆ ನಮೂದಿಸಬೇಕು, ಯಾಕೆಂದರೆ ಮಧ್ಯಾಹ್ನ ಒಂದು ದೂರು ಬಂದರೆ ಬೆಳಗಿನ ಮಾತು ಸುಳ್ಳಾಗುತ್ತದೆ.

ಚಿತ್ರದ ಬಗ್ಗೆ ಒಂದು ಮಾತು. ಪೋಸ್ಟ್ ವಾಟ್ಸ್‌ಆಪ್‌ಗೆ ಹೋಗುವಾಗ ಚಿತ್ರ ಮಾತ್ರ ಹೋಗುತ್ತದೆ, ಕ್ಯಾಪ್ಷನ್ ಹಿಂದೆಯೇ ಉಳಿಯುತ್ತದೆ. ಹಾಗಾಗಿ ಪ್ಯಾಕೆಟ್ಟಿನ ಹಿಂಬದಿಯ ನಿಜವಾದ ಫೋಟೊ, ಬ್ಯಾಚ್ ಸಂಖ್ಯೆಯ ಸುತ್ತ ಒಂದು ವೃತ್ತ, ಕೆಳಗೆ ಮೂರು ಸಂಖ್ಯೆ, "ತಿನ್ನಬೇಡಿ", ನಂಬರು, ಮತ್ತು ಇಸವಿ ಸಹಿತ ದಿನಾಂಕ ಚಿತ್ರದಲ್ಲೇ ಇರಲಿ. ಇಸವಿ ಬಿಟ್ಟರೆ ಇದೇ ಚಿತ್ರ ಮೂರು ವರ್ಷದ ನಂತರವೂ ಊರ ಗುಂಪುಗಳಲ್ಲಿ "ಎಲ್ಲರಿಗೂ ತಿಳಿಸಿ" ಎಂದು ಓಡಾಡುತ್ತಿರುತ್ತದೆ.

"ಗುಣಮಟ್ಟ" ಎಂಬ ಮುಸುಕು

ಕಮಟು ಮುರುಕಿನ ಸಂಗತಿಯನ್ನು ಗುಣಮಟ್ಟದ ದೋಷ ಎಂದರೆ ತಪ್ಪಾಗದು. ಆದರೆ ಇದೇ ಪದವನ್ನು ಬೇರೆಯದಕ್ಕೂ ಹೊದಿಸುತ್ತಾರೆ, ಆಗ ಅದು ಅಪಾಯ.

2024ರ ಡಿಸೆಂಬರ್‌ನಲ್ಲಿ ಅಮೆರಿಕದ ಫ್ರಿಟೊ-ಲೇ ಕಂಪನಿ ಲೇಸ್ ಕ್ಲಾಸಿಕ್ ಆಲೂಗಡ್ಡೆ ಚಿಪ್ಸ್‌ನ 6,344 ಚೀಲಗಳನ್ನು ವಾಪಸ್ ಕರೆಸಿತು. ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳಿಗೆ ಹೋದ ಮಾಲು ಅದು. ಚಿಪ್ಸ್ ಕೆಟ್ಟಿರಲಿಲ್ಲ. ಲೇಬಲ್‌ನಲ್ಲಿ ಹೇಳದ ಹಾಲಿನ ಅಂಶ ಒಳಗೆ ಇದ್ದಿರಬಹುದು ಎಂದು ಒಬ್ಬ ಗ್ರಾಹಕರಿಂದ ಗೊತ್ತಾಗಿತ್ತು. ಕಂಪನಿಯ ಪ್ರಕಟಣೆ ಗುಣಮಟ್ಟ ಎಂದು ತೇಲಿಸಲಿಲ್ಲ. ಹಾಲಿನ ಅಲರ್ಜಿ ಇರುವವರಿಗೆ ಪ್ರಾಣಾಪಾಯ ಆಗಬಹುದು ಎಂದು ನೇರವಾಗಿ ಹೇಳಿತು. 13 ಔನ್ಸಿನ ಚೀಲ, 2025ರ ಫೆಬ್ರವರಿ 11ರ ದಿನಾಂಕ, ಅದರ ಜೊತೆ ಇಂಥ ತಯಾರಿಕಾ ಸಂಖ್ಯೆ, ಇವೆಲ್ಲ ಕೂಡಿದ್ದರೆ ಮಾತ್ರ ಎಂದು ಗುರುತು ಕೊಟ್ಟಿತು. ಮುಂದಿನ ಜನವರಿಯಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅದನ್ನು ಅತಿ ಗಂಭೀರವಾದ ಮೊದಲ ದರ್ಜೆಗೆ ಸೇರಿಸಿತು.

ನಮ್ಮ ಮುರುಕಿನ ಘಟಕದಲ್ಲಿ ಇದಕ್ಕೆ ಸಮನಾದದ್ದು ಯಾವುದು? ಕಡಲೆಕಾಯಿ ಬೀಜ ಹಾಕಿದ ನಿಪ್ಪಟ್ಟು ಕರಿದ ಬಾಣಲೆಯಲ್ಲೇ ಮುರುಕನ್ನೂ ಕರಿದು, ಪ್ಯಾಕೆಟ್ ಮೇಲೆ ಕಡಲೆಕಾಯಿಯ ಸುಳಿವೇ ಕೊಡದೆ ಹೋಗುವುದು. ಆಗ ಮೇಲಿನ ಕ್ಯಾಪ್ಷನ್ ಬುಡದಿಂದ ಬದಲಾಗುತ್ತದೆ. ಮೊದಲ ಸಾಲಿನಲ್ಲಿ "ಕಡಲೆಕಾಯಿ ಅಲರ್ಜಿ ಇರುವವರು ತಿನ್ನಲೇಬೇಡಿ" ಎಂದು ಬರಬೇಕು. ಮೂಸಿ, ರುಚಿ ನೋಡಿ ತಿಳಿಯಲಾಗದು ಎಂದು ಹೇಳಬೇಕು. ತಿಂದ ಮೇಲೆ ಮೈಯೆಲ್ಲ ದದ್ದು, ತುಟಿ-ನಾಲಿಗೆ ಊತ, ಉಸಿರಾಟಕ್ಕೆ ತೊಂದರೆ ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ ಎಂಬ ಸಾಲು ಹಣ ವಾಪಸಾತಿಗಿಂತ ಮೇಲೆ ಬರಬೇಕು. ಅಂಥ ಅಲರ್ಜಿ ನಮ್ಮ ಕಡೆ ಯಾರಿಗಿರುತ್ತದೆ ಎಂದು ಕೇಳುವವರನ್ನು ಕಂಡಿದ್ದೇನೆ. ಪ್ಯಾಕೆಟ್ ಮೇಲೆ ಕಡಲೆಕಾಯಿ, ಹಾಲು, ಗೋಧಿಯಂಥವನ್ನು ಬೇರೆಯಾಗಿ ನಮೂದಿಸಬೇಕೆಂದು ನಮ್ಮ ಲೇಬಲ್ ನಿಯಮವೇ ಹೇಳುತ್ತದೆ.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು 2015ರ ಮ್ಯಾಗಿ ಪ್ರಕರಣ. ಆ ಜೂನ್‌ನಲ್ಲಿ ಸೀಸದ ಅಂಶ ಮತ್ತು ಲೇಬಲ್ ವಿಚಾರವಾಗಿ ಎಫ್‌ಎಸ್‌ಎಸ್‌ಎಐ ಕ್ರಮ ಕೈಗೊಂಡಿತು. ನೆಸ್ಲೆ ದೇಶದಾದ್ಯಂತ ಮಾಲನ್ನು ವಾಪಸ್ ಪಡೆಯಿತು, ಜೊತೆಗೆ ಉತ್ಪನ್ನ ಸುರಕ್ಷಿತ ಎಂದೂ ಹೇಳುತ್ತ ಬಂತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿ ಹೊಸದಾಗಿ ಪರೀಕ್ಷೆ ನಡೆಸಲು ಹೇಳಿತು, ನವೆಂಬರ್‌ನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ಕಾನೂನಿನಲ್ಲಿ ಕಂಪನಿಯ ವಾದಕ್ಕೆ ಬಲವಿತ್ತು. ಆದರೂ ಆ ಜೂನ್ ತಿಂಗಳಲ್ಲಿ ಮನೆಯಲ್ಲಿ ನಾಲ್ಕು ಪ್ಯಾಕೆಟ್ ಇಟ್ಟುಕೊಂಡವರಿಗೆ "ಸುರಕ್ಷಿತ" ಮತ್ತು "ವಾಪಸ್" ಎರಡೂ ಒಟ್ಟಿಗೆ ಕೇಳಿಸಿದವು. ಬೇಯಿಸಬೇಕೋ ಬಿಸಾಡಬೇಕೋ? ಕಂಪನಿಗೆ ಅಧಿಕಾರಿಗಳ ಜೊತೆ ತಕರಾರಿದ್ದರೆ ಅದಕ್ಕೆ ಬೇರೆ ಜಾಗವಿದೆ. ಗ್ರಾಹಕರಿಗೆ ಹೇಳುವ ಪೋಸ್ಟಿನಲ್ಲಿ ಒಂದೇ ಸೂಚನೆ ಇರಬೇಕು.

ಪದಗಳ ವಿಷಯ ಬಂದದ್ದಕ್ಕೆ: "ಮರುಸ್ಥಾಪನೆ", "ಮರುಪಡೆಯುವಿಕೆ" ಎಂದೆಲ್ಲ ಯಾರೋ ಯಂತ್ರದಿಂದ ಅನುವಾದಿಸಿ ಹಾಕಿದ ಪೋಸ್ಟ್‌ಗಳನ್ನು ನೋಡಿದ್ದೇನೆ. "ವಾಪಸ್ ಪಡೆಯುತ್ತಿದ್ದೇವೆ" ಎಂದರೆ ಅಂಗಡಿಯವರಿಗೂ ಅಜ್ಜಿಗೂ ಅರ್ಥವಾಗುತ್ತದೆ.

ಪೋಸ್ಟ್ ಹಾಕಿದ ಮೇಲೆ

ಕಾಮೆಂಟ್‌ಗಳನ್ನು ಮುಚ್ಚಬಾರದು, ಬೈದದ್ದನ್ನು ಅಳಿಸಬಾರದು. ಅಳಿಸಬೇಕಾದದ್ದು ನಕಲಿ ನಂಬರುಗಳನ್ನು ಮಾತ್ರ. ಜನ ಕೇಳುವ ಪ್ರಶ್ನೆಗಳಲ್ಲಿ ಬಿಟ್ಟುಹೋದ ಸಂಗತಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲು ಬರುವ ಪ್ರಶ್ನೆ "ದನಕ್ಕೆ ಹಾಕಬಹುದಾ?" ಎಂಬುದೇ ಆಗಿರುತ್ತದೆ ಎಂದು ಪಂದ್ಯ ಕಟ್ಟಬಲ್ಲೆ. ಹಾಕಬಾರದು; ಅಂಗಡಿಗೆ ಕೊಡಲಾಗದಿದ್ದರೆ ಪ್ಯಾಕೆಟ್ ಕತ್ತರಿಸಿ, ಮುರುಕನ್ನು ಪುಡಿಮಾಡಿ ಹಸಿ ಕಸಕ್ಕೆ ಸೇರಿಸಬೇಕು. ಇಡಿಯಾಗಿ ಬಿಸಾಡಿದರೆ ಇನ್ಯಾರೋ ಎತ್ತಿ ತಿನ್ನುತ್ತಾರೆ. ಈ ಉತ್ತರವನ್ನು ಒಬ್ಬರಿಗೆ ಹೇಳಿ ಬಿಡದೆ ಕ್ಯಾಪ್ಷನ್ನಿಗೇ ಸೇರಿಸಬೇಕು, "ಸೇರಿಸಿದ್ದು: 10 ಸೆಪ್ಟೆಂಬರ್, ಸಂಜೆ 4" ಎಂಬ ಗುರುತಿನೊಂದಿಗೆ. ಬ್ಯಾಚ್ ಸಂಖ್ಯೆ ತಪ್ಪಾಗಿ ಬರೆದಿದ್ದರಂತೂ ಸದ್ದಿಲ್ಲದೆ ತಿದ್ದುವಂತೆಯೇ ಇಲ್ಲ. ತಪ್ಪು ಸಂಖ್ಯೆಯನ್ನು ನೋಡಿ ಹೋದವರು ಮತ್ತೆ ಬಂದು ನೋಡುವುದಿಲ್ಲ, ಅದಕ್ಕೆ ಹೊಸ ಪೋಸ್ಟೇ ಬೇಕು.

ಹಣ ಸಿಗದವರು, ಅಂಗಡಿಯವರು ತಿರಸ್ಕರಿಸಿದವರು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದನ್ನು ಕಂಪನಿಯೇ ತನ್ನ ಪೋಸ್ಟಿನಲ್ಲಿ ಬರೆಯಬೇಕೇ? ಬರೆದರೆ ನನಗೆ ಆ ಕಂಪನಿಯ ಮೇಲೆ ನಂಬಿಕೆ ಹೆಚ್ಚುತ್ತದೆ. ಹೆಚ್ಚಿನವರು ಬರೆಯುವುದಿಲ್ಲ.

12ರ ಸಂಜೆ 5ಕ್ಕೆ ಎಂದು ಹೇಳಿದ ಮೇಲೆ 5ಕ್ಕೆ ಹಾಕಬೇಕು, ಹೊಸದೇನೂ ಇಲ್ಲದಿದ್ದರೂ. ಕೊನೆಯ ಪೋಸ್ಟ್ ಲೆಕ್ಕದ ಪೋಸ್ಟ್: ಹೊರಗೆ ಹೋದದ್ದು 1,540, ಅಂಗಡಿಗಳಿಂದ ಬಂದದ್ದು 610, ಮನೆಗಳಿಂದ ಬಂದದ್ದು ಅಥವಾ ಫೋಟೊ ಮೂಲಕ ಹಣ ಕೊಟ್ಟದ್ದು 270, ಉಳಿದ 660 ಸಿಕ್ಕಿಲ್ಲ. ಸಿಗದ ಸಂಖ್ಯೆಯನ್ನು ಹೇಳಲು ಮಾಲೀಕರ ಕೈ ಹಿಂಜರಿಯುತ್ತದೆ. ಆದರೆ ಒಂದು ತಿಂಗಳ ಹಿಂದೆ ಮಾರಿದ ಮುರುಕಿನಲ್ಲಿ ಬಹುಪಾಲು ಹೊಟ್ಟೆ ಸೇರಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. 660 ಎಂದು ಬರೆದು, ಬಾಳಿಕೆಯ ದಿನ ಮುಗಿಯುವ ನವೆಂಬರ್ ಮೊದಲ ವಾರದವರೆಗೂ ಹಣ ವಾಪಸ್ ಕೊಡುತ್ತೇವೆ ಎಂದು ಸೇರಿಸಿ, ಪೋಸ್ಟನ್ನು ಅಲ್ಲಿಯವರೆಗೆ ಪುಟದ ಮೇಲ್ತುದಿಯಲ್ಲೇ ಪಿನ್ ಮಾಡಿಡಬೇಕು. ದೀಪಾವಳಿಯ ಜಾಹೀರಾತು ಅದರ ಕೆಳಗೆ ಬರಲಿ.